57 ಬರಬೇಕಾದ ಕಡೆ 47 ಬಂದರೆ: ಸ್ಟ್ಯಾಕ್ ಟ್ರೇಸ್‌ನಲ್ಲಿ ತಪ್ಪು ಹಿಡಿಯುವ ಬಗೆ

ಇನ್‌ಫಿಕ್ಸ್‌ನಿಂದ ಪೋಸ್ಟ್‌ಫಿಕ್ಸ್‌ಗೆ ಬದಲಾಯಿಸುವ ಲೆಕ್ಕದಲ್ಲಿ ಉತ್ತರ ತಪ್ಪಾದರೆ ಮಕ್ಕಳು ಸಾಮಾನ್ಯವಾಗಿ ಏನು ಮಾಡುತ್ತಾರೆ? ಪೂರ್ತಿ ಹೊಡೆದುಹಾಕಿ ಮೊದಲಿನಿಂದ ಬರೆಯುತ್ತಾರೆ. ಎರಡನೇ ಸಲವೂ ಅದೇ ತಪ್ಪು ಉತ್ತರ ಬರುತ್ತದೆ. ಬರಲೇಬೇಕು ಅಲ್ವಾ? ಕೈ ತಪ್ಪಿದ್ದರೆ ಸರಿಹೋಗುತ್ತಿತ್ತು, ಇಲ್ಲಿ ನಿಯಮವೇ ತಲೆಯಲ್ಲಿ ತಪ್ಪಾಗಿ ಕೂತಿದೆ.

ಮಡಿಕೇರಿಯಲ್ಲಿ ಬಿಸಿಎ ಮತ್ತು ಡಿಪ್ಲೊಮಾ ಮಕ್ಕಳಿಗೆ ಡೇಟಾ ಸ್ಟ್ರಕ್ಚರ್ಸ್ ಹೇಳಿಕೊಡುವಾಗ ನಾನು ಒಂದೇ ಒಂದು ಲೆಕ್ಕ ಇಟ್ಟುಕೊಂಡಿರುತ್ತೇನೆ. ಅದನ್ನು ಬೇಕೆಂದೇ ಹಾಗೆ ಕಟ್ಟಿದ್ದೇನೆ: ಸಾಮಾನ್ಯವಾಗಿ ಆಗುವ ಪ್ರತಿಯೊಂದು ತಪ್ಪಿಗೂ ತನ್ನದೇ ಆದ ತಪ್ಪು ಉತ್ತರ ಬರುತ್ತದೆ. ಹಾಗಾಗಿ ಉತ್ತರ ಕೇಳಿದರೆ ಸಾಕು, ತಪ್ಪು ಯಾವ ಸಾಲಿನಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಎರಡು ಕಡೆ ಮಾತ್ರ ಒಂದೇ ಉತ್ತರಕ್ಕೆ ಎರಡು ಕಾರಣ ಇರುತ್ತದೆ. ಅವನ್ನು ಬೇರ್ಪಡಿಸುವುದು ಹೇಗೆ ಅಂತಲೂ ಹೇಳುತ್ತೇನೆ.

ಇದೆಲ್ಲ ಪೆನ್ನು, ಕಾಗದದ ಕೆಲಸ. ಜೂನ್, ಜುಲೈ ಮಳೆಯಲ್ಲಿ ಇಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಲ್ಯಾಬ್ ಬಾಗಿಲು ಹಾಕಿದ್ದರೂ ಈ ಕೆಲಸ ನಿಲ್ಲುವುದಿಲ್ಲ.

ಲೆಕ್ಕ

ತೋಟದ ಗೋದಾಮಿನಲ್ಲಿ 90 ಚೀಲ ಒಣಗಿದ ರೋಬಸ್ಟಾ ಇದೆ. ಬೆಳಿಗ್ಗೆ ಲಾರಿಗೆ 20 ಚೀಲ ಹೋಯಿತು. ಆಮೇಲೆ ಲೈನ್‌ಮನೆಯಿಂದ 8 ಜನ, ಪಕ್ಕದ ತೋಟದಿಂದ 4 ಜನ ಬಂದರು. ಇಬ್ಬಿಬ್ಬರು ಜೋಡಿಯಾಗಿ ಪ್ರತಿ ಜೋಡಿಯೂ 3 ಚೀಲ ಹೊರಗೆ ಸಾಗಿಸಿತು. ಸಂಜೆ ಕಣದಿಂದ ಹೊಸದಾಗಿ 5 ಚೀಲ ಒಳಗೆ ಬಂತು. ಉಳಿದದ್ದು ಎಷ್ಟು?

```
90 - 20 - (8 + 4) / 2 * 3 + 5
```

ತೋಟದ ರೈಟರ್ ಇದನ್ನು ಬಾಯಲ್ಲೇ ಹೇಳಿಬಿಡುತ್ತಾರೆ. 12 ಜನ ಅಂದರೆ 6 ಜೋಡಿ, 18 ಚೀಲ. 90ರಲ್ಲಿ 20 ಹೋದರೆ 70, ಅದರಲ್ಲಿ 18 ಹೋದರೆ 52, 5 ಸೇರಿದರೆ 57. ಇದು ಸರಿ ಉತ್ತರ. ಇದನ್ನು ಪುಟದ ಮೇಲೆ ಬರೆದಿಟ್ಟುಕೊಳ್ಳಿ.

ಸರಿಯಾದ ಟ್ರೇಸ್

ಮೂರು ಕಾಲಂ ಹಾಕಿ. ಮೊದಲನೆಯದು ಈಗ ಓದಿದ ಗುರುತು. ಎರಡನೆಯದು ಅದನ್ನು ಓದಿ ಮುಗಿಸಿದ ಮೇಲೆ ಸ್ಟ್ಯಾಕ್‌ನಲ್ಲಿ ಇರುವುದು, ಎಡಗಡೆ ತಳ, ಬಲಗಡೆ ತುದಿ. ಮೂರನೆಯದು ಅಲ್ಲಿಯವರೆಗಿನ ಔಟ್‌ಪುಟ್.

```
90  |        | 90
-   | -      | 90
20  | -      | 90 20
-   | -      | 90 20 -
(   | - (    | 90 20 -
8   | - (    | 90 20 - 8
+   | - ( +  | 90 20 - 8
4   | - ( +  | 90 20 - 8 4
)   | -      | 90 20 - 8 4 +
/   | - /    | 90 20 - 8 4 +
2   | - /    | 90 20 - 8 4 + 2
*   | - *    | 90 20 - 8 4 + 2 /
3   | - *    | 90 20 - 8 4 + 2 / 3
+   | +      | 90 20 - 8 4 + 2 / 3 * -
5   | +      | 90 20 - 8 4 + 2 / 3 * - 5
end |        | 90 20 - 8 4 + 2 / 3 * - 5 +
```

ಎರಡನೇ ಕಾಲಂ ಬಿಟ್ಟು ಬರೀ ಔಟ್‌ಪುಟ್ ಬರೆಯುವ ಅಭ್ಯಾಸ ತುಂಬ ಮಕ್ಕಳಿಗೆ ಇದೆ. ದಯವಿಟ್ಟು ಬಿಡಬೇಡಿ. ತಪ್ಪು ಆಗುವುದು ಅಲ್ಲೇ, ಸಿಗುವುದೂ ಅಲ್ಲೇ.

ನಾಲ್ಕನೇ ಸಾಲು ನೋಡಿ. ಮೊದಲು ಸ್ಟ್ಯಾಕ್‌ನಲ್ಲಿ ಒಂದು `-` ಇತ್ತು, ಆಮೇಲೂ ಒಂದು `-` ಇದೆ. ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಹಳೆಯದು ಔಟ್‌ಪುಟ್‌ಗೆ ಹೋಗಿ ಹೊಸದು ಬಂದು ಕೂತಿದೆ. ಮೂರನೇ ಕಾಲಂ ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ಈಗ ಪೋಸ್ಟ್‌ಫಿಕ್ಸ್‌ಗೆ ಬೆಲೆ ಕಟ್ಟುವ ಭಾಗ. ಇಲ್ಲಿ ಸ್ಟ್ಯಾಕ್‌ಗೆ ಹೋಗುವುದು ಸಂಖ್ಯೆಗಳು ಮಾತ್ರ. ಆಪರೇಟರ್ ಬಂದರೆ ಮೇಲಿನ ಎರಡನ್ನು ತೆಗೆದು, ಲೆಕ್ಕ ಮಾಡಿ, ಬಂದ ಒಂದನ್ನು ವಾಪಸ್ ಇಡಬೇಕು.

```
90 | 90
20 | 90 20
-  | 70
8  | 70 8
4  | 70 8 4
+  | 70 12
2  | 70 12 2
/  | 70 6
3  | 70 6 3
*  | 70 18
-  | 52
5  | 52 5
+  | 57
```

ಮೊದಲ ಪ್ರಶ್ನೆ: ತಪ್ಪು ಯಾವ ಅರ್ಧದಲ್ಲಿ?

ಇಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಒಂದು ಬದಲಾಯಿಸುವುದು, ಇನ್ನೊಂದು ಬೆಲೆ ಕಟ್ಟುವುದು. ಎರಡರಲ್ಲೂ ಸ್ಟ್ಯಾಕ್ ಇದೆ. ಆದರೆ ಒಂದರಲ್ಲಿ ಆಪರೇಟರ್‌ಗಳು ಕೂರುತ್ತವೆ, ಇನ್ನೊಂದರಲ್ಲಿ ಸಂಖ್ಯೆಗಳು. ಇವನ್ನು ಕಲಸಿಕೊಂಡರೆ ಹುಡುಕಾಟ ಮುಗಿಯುವುದೇ ಇಲ್ಲ.

ಹಾಗಾಗಿ ಮೊದಲು ನಿಮ್ಮ ಪೋಸ್ಟ್‌ಫಿಕ್ಸ್ ಸಾಲನ್ನು ಮೇಲಿನ ಸಾಲಿನ ಕೆಳಗೆ ಬರೆದು ಹೋಲಿಸಿ. ಎರಡೂ ಒಂದೇ ಇದ್ದು ಉತ್ತರ ತಪ್ಪಿದ್ದರೆ ತಪ್ಪು ಬೆಲೆ ಕಟ್ಟುವುದರಲ್ಲಿದೆ. ಬೇರೆ ಇದ್ದರೆ, ಎಡದಿಂದ ಓದುತ್ತಾ ಮೊದಲು ಎಲ್ಲಿ ಬೇರೆಯಾಯಿತು ಅಂತ ಗುರುತು ಹಾಕಿ. ಮೊದಲನೆಯದು ಮಾತ್ರ ಮುಖ್ಯ. ಆಮೇಲೆ ಬರುವ ವ್ಯತ್ಯಾಸಗಳು ಸಾಮಾನ್ಯವಾಗಿ ಅದರ ಬಾಲ.

ಸರಿ ಉತ್ತರ ಕೈಯಲ್ಲಿಲ್ಲದ ಬೇರೆ ಲೆಕ್ಕಕ್ಕೆ ಎರಡು ಪರೀಕ್ಷೆ ಇದೆ. ಒಂದು, ಸಂಖ್ಯೆಗಳ ಸಾಲು. ಬದಲಾಯಿಸುವಾಗ ಸಂಖ್ಯೆಗಳ ಕ್ರಮ ಎಂದೂ ಕೆಡುವುದಿಲ್ಲ. ಇನ್‌ಫಿಕ್ಸ್‌ನಲ್ಲಿ 90, 20, 8, 4, 2, 3, 5 ಇದ್ದರೆ ಪೋಸ್ಟ್‌ಫಿಕ್ಸ್‌ನಲ್ಲೂ ಅದೇ ಕ್ರಮ ಇರಬೇಕು. ಜಾಗ ಬದಲಾಗುವುದು ಆಪರೇಟರ್‌ಗಳದ್ದು ಮಾತ್ರ. ಎರಡು, ಎಣಿಕೆ. ಎರಡೆರಡು ಸಂಖ್ಯೆ ತೆಗೆದುಕೊಳ್ಳುವ ಆಪರೇಟರ್‌ಗಳೇ ಇರುವಾಗ, ಆಪರೇಟರ್‌ಗಳಿಗಿಂತ ಸಂಖ್ಯೆಗಳು ಒಂದೇ ಒಂದು ಜಾಸ್ತಿ ಇರಬೇಕು. ಇಲ್ಲಿ 7 ಸಂಖ್ಯೆ, 6 ಆಪರೇಟರ್, ಸರಿ. ಎಡದಿಂದ ಓದುತ್ತಾ ಸಂಖ್ಯೆಗೆ ಒಂದು ಕೂಡಿ, ಆಪರೇಟರ್‌ಗೆ ಒಂದು ಕಳೆಯಿರಿ. ನಡುವೆ ಎಲ್ಲೂ 1ಕ್ಕಿಂತ ಕೆಳಗೆ ಇಳಿಯಬಾರದು, ಕೊನೆಯಲ್ಲಿ 1ಕ್ಕೆ ನಿಲ್ಲಬೇಕು.

ಈ ಎರಡೂ ಪರೀಕ್ಷೆ ಪಾಸಾದರೂ ಉತ್ತರ ತಪ್ಪಿರಬಹುದು. ಕೆಳಗೆ ಬರುವ 77, 47, 92 ಮೂರೂ ಇವೆರಡನ್ನೂ ಪಾಸಾಗುತ್ತವೆ. ಈ ಪರೀಕ್ಷೆಗಳು ಹಿಡಿಯುವುದು ಏನೋ ಬಿಟ್ಟುಹೋದದ್ದನ್ನು. ಆಪರೇಟರ್ ತಪ್ಪು ಜಾಗಕ್ಕೆ ಹೋದದ್ದನ್ನು ಹಿಡಿಯುವುದಿಲ್ಲ.

ನಡುವಿನ ಸಂಖ್ಯೆ ಯಾರದು?

ಬದಲಾಯಿಸುವ ತಪ್ಪುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟದ್ದರಿಂದ ಆಗುತ್ತವೆ. ಎರಡು ಆಪರೇಟರ್‌ಗಳ ನಡುವೆ ಒಂದು ಸಂಖ್ಯೆ ನಿಂತಿದೆ. ಅದು ಎಡಗಡೆಯವನದೋ, ಬಲಗಡೆಯವನದೋ?

ಹೊಸ ಆಪರೇಟರ್ ಬಂದಾಗ ಸ್ಟ್ಯಾಕ್‌ನ ತುದಿಯ ಜೊತೆ ಹೋಲಿಸುತ್ತೇವಲ್ಲ, ಆಗ ಕೇಳುತ್ತಿರುವುದು ಈ ಪ್ರಶ್ನೆಯನ್ನೇ. ತುದಿಯಲ್ಲಿರುವವನು ಎಡಗಡೆಯವನು. ಈಗ ಬಂದವನು ಬಲಗಡೆಯವನು. ಯಾರ ಆದ್ಯತೆ ಜಾಸ್ತಿಯೋ ಸಂಖ್ಯೆ ಅವನಿಗೆ. ಸಮ ಇದ್ದರೆ `+ - * /` ಈ ನಾಲ್ಕಕ್ಕೂ ಎಡಗಡೆಯವನಿಗೆ. ಸಂಖ್ಯೆ ಎಡಗಡೆಯವನದಾದರೆ ಅವನಿಗೆ ಬೇಕಾದ ಎರಡೂ ಸಿಕ್ಕಾಯಿತು, ಅವನು ಔಟ್‌ಪುಟ್‌ಗೆ ಹೋಗಬೇಕು. ಬಲಗಡೆಯವನದಾದರೆ ಎಡಗಡೆಯವನು ಕಾಯಬೇಕು, ಹೊಸಬ ಅವನ ಮೇಲೆ ಕೂರುತ್ತಾನೆ. ಪಾಪ್ ಮಾಡಬೇಕೋ ಬೇಡವೋ ಅನ್ನುವ ನಿಯಮ ಪೂರ್ತಿ ಇಷ್ಟೇ.

ಈ ವಿಧಾನ ಎಡ್ಸ್ಗರ್ ಡೈಕ್‌ಸ್ಟ್ರಾ ಅವರದ್ದು. ಆಲ್ಗಾಲ್ 60 ಕಂಪೈಲರ್ ಕೆಲಸದ ಭಾಗವಾಗಿ 1961ರಲ್ಲಿ ಅವರು ಇದನ್ನು ಬರೆದರು. ರೈಲಿನ ಬೋಗಿಗಳನ್ನು ಪಕ್ಕದ ಹಳಿಗೆ ತಳ್ಳಿ, ಕಾಯಿಸಿ, ಮತ್ತೆ ಮುಖ್ಯ ಹಳಿಗೆ ತರುವ ಯಾರ್ಡ್ ನೆನಪಿಸುವುದರಿಂದ ಇದಕ್ಕೆ ಶಂಟಿಂಗ್ ಯಾರ್ಡ್ ಅನ್ನುವ ಹೆಸರು. ಕೊಡಗಿನಲ್ಲಿ ರೈಲು ಹಳಿ ಇಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ಹೆಸರಿನಿಂದ ಏನೂ ಹೊಳೆಯುವುದಿಲ್ಲ. ‘ಸಂಖ್ಯೆ ಯಾರದು’ ಅಂತ ಕೇಳಿದರೆ ಬೇಗ ಹೊಳೆಯುತ್ತದೆ.

ಈಗ ಒಂದೊಂದೇ ತಪ್ಪು ಉತ್ತರ ನೋಡೋಣ.

77 ಬಂದರೆ

ಪೋಸ್ಟ್‌ಫಿಕ್ಸ್ ಹೀಗಿರುತ್ತದೆ:

```
90 20 8 4 + 2 3 * / 5 + - -
```

ಮೊದಲ ವ್ಯತ್ಯಾಸ 20ರ ಪಕ್ಕದಲ್ಲೇ ಇದೆ. ಅಲ್ಲಿ `-` ಬರಬೇಕಿತ್ತು, 8 ಬಂದಿದೆ. ನಾಲ್ಕನೇ ಸಾಲಿಗೆ ಹೋಗಿ ನೋಡಿದರೆ ಸ್ಟ್ಯಾಕ್‌ನಲ್ಲಿ `- -` ಅಂತ ಎರಡು ಇರುತ್ತವೆ. ಸಮ ಆದ್ಯತೆ ಬಂದಾಗ ಪಾಪ್ ಮಾಡಿಲ್ಲ. 20 ಎಡಗಡೆಯವನದಾಗಬೇಕಿತ್ತು, ಬಲಗಡೆಯವನಿಗೆ ಹೋಗಿದೆ.

ಇದರಿಂದ ಲೆಕ್ಕದ ಅರ್ಥವೇ ಬದಲಾಗುತ್ತದೆ. 12ನ್ನು 2ರಿಂದ ಭಾಗಿಸಿ 3ರಿಂದ ಗುಣಿಸುವ ಬದಲು 2 ಮತ್ತು 3 ಮೊದಲು ಸೇರಿ 6 ಆಗುತ್ತದೆ, 12 ಭಾಗ 6 ಅಂದರೆ 2. ಅದಕ್ಕೆ 5 ಸೇರಿ 7. 20ರಲ್ಲಿ 7 ಹೋಗಿ 13. 90ರಲ್ಲಿ 13 ಹೋಗಿ 77. ಕಳೆಯಬೇಕಾದ್ದರಿಂದಲೇ ಕಳೆದಿರುವುದರಿಂದ ಗೋದಾಮಿನಲ್ಲಿ ಚೀಲ ಜಾಸ್ತಿ ಉಳಿದಂತೆ ಕಾಣುತ್ತದೆ.

ಪ್ರೋಗ್ರಾಂ ಬರೆದಿದ್ದರೆ ಹೋಲಿಸುವ ಜಾಗದಲ್ಲಿ `>=` ಬದಲು `>` ಇರುತ್ತದೆ. ಸರಿಯಾದದ್ದು ಹೀಗೆ:

```python
while st and st[-1] != '(' and prec[st[-1]] >= prec[ch]:
    out.append(st.pop())
st.append(ch)
```

ಈ ತಪ್ಪು ಬಹಳ ದಿನ ಅಡಗಿ ಕೂರಬಲ್ಲದು. `8 + 4 + 5` ಕೊಟ್ಟರೆ ಪೋಸ್ಟ್‌ಫಿಕ್ಸ್ ಬೇರೆ ಬಂದರೂ ಉತ್ತರ 17 ಸರಿಯಾಗಿಯೇ ಇರುತ್ತದೆ. ಕೂಡುವುದು, ಗುಣಿಸುವುದು ಯಾವ ಕಡೆಯಿಂದ ಶುರು ಮಾಡಿದರೂ ಒಂದೇ. ಅದಕ್ಕೇ ಪರೀಕ್ಷೆಯ ಲೆಕ್ಕದಲ್ಲಿ ಕಳೆಯುವುದರ ಹಿಂದೆ ಕಳೆಯುವುದು, ಭಾಗಿಸುವುದರ ಹಿಂದೆ ಗುಣಿಸುವುದು ಇರಲೇಬೇಕು ಅನ್ನುತ್ತೇನೆ.

47 ಬಂದರೆ

ನನ್ನ ಹತ್ತಿರ ಬರುವ ತಪ್ಪುಗಳಲ್ಲಿ ಇದನ್ನೇ ನಾನು ಹೆಚ್ಚು ಜಾಗ್ರತೆಯಿಂದ ನೋಡುತ್ತೇನೆ. ಟ್ರೇಸ್ ಬಹುಪಾಲು ಸರಿ ಇರುತ್ತದೆ. ಸಮ ಆದ್ಯತೆ ಬಂದಾಗ ಪಾಪ್ ಮಾಡಿರುತ್ತಾರೆ, ಬ್ರಾಕೆಟ್ ಸರಿ ಇರುತ್ತದೆ. ಕೊನೆಯಲ್ಲಿ ಮಾತ್ರ ಜಾರುತ್ತದೆ.

```
90 20 - 8 4 + 2 / 3 * 5 + -
```

ಮೊದಲ ವ್ಯತ್ಯಾಸ `3 *` ಆದ ಮೇಲೆ. ಅಲ್ಲಿ `-` ಬರಬೇಕಿತ್ತು, 5 ಬಂದಿದೆ. ಅಂದರೆ ಕೊನೆಯ `+` ಓದಿದ ಸಾಲು. ಅದನ್ನು ಹತ್ತಿರದಿಂದ ನೋಡೋಣ.

`+` ಬರುವ ಮೊದಲು ಸ್ಟ್ಯಾಕ್‌ನಲ್ಲಿ `- *` ಇದೆ, ತುದಿಯಲ್ಲಿ `*`. 3 ನಡುವೆ ನಿಂತಿದೆ. `*` ದೊಡ್ಡದು, ಹಾಗಾಗಿ 3 ಅದರದ್ದು. `*` ಹೊರಗೆ ಹೋಯಿತು. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಆದರೆ ಈಗ ಸ್ಟ್ಯಾಕ್‌ನ ತುದಿ ಬದಲಾಗಿದೆ. ಅಲ್ಲಿ `-` ಇದೆ. ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕು. ಈ ಸಲ ನಡುವೆ ನಿಂತಿರುವುದು 3 ಅಲ್ಲ, ಗುಣಿಸಿ ಬಂದ 18. ಅದು `-` ಗುರುತಿನದೋ `+` ಗುರುತಿನದೋ? ಸಮ ಆದ್ಯತೆ, ಹಾಗಾಗಿ ಎಡಗಡೆಯವನದು. `-` ಕೂಡ ಹೊರಗೆ ಹೋಗಬೇಕು. ಆಮೇಲೆ ಸ್ಟ್ಯಾಕ್ ಖಾಲಿ, `+` ಒಳಗೆ.

47 ಬಂದವರು ಎರಡನೇ ಸಲ ಪಾಪ್ ಮಾಡಿಲ್ಲ. 18 ಹೋಗಿ `+` ಜೊತೆ ಸೇರಿ 23 ಆಗಿದೆ, 70ರಲ್ಲಿ 23 ಕಳೆದಿದೆ. ಕಣದಿಂದ ಬಂದ 5 ಚೀಲ ಕೂಡಬೇಕಿತ್ತು, ಕಳೆದುಹೋಗಿದೆ. ಅದಕ್ಕೇ 57ಕ್ಕೂ 47ಕ್ಕೂ 10ರ ವ್ಯತ್ಯಾಸ, 5ರ ಎರಡರಷ್ಟು. ಬೇರೆ ಲೆಕ್ಕಗಳಲ್ಲೂ ವ್ಯತ್ಯಾಸವು ಯಾವುದೋ ಒಂದು ಸಂಖ್ಯೆಯ ಎರಡರಷ್ಟು ಇದ್ದರೆ, ಆ ಸಂಖ್ಯೆಯ ಚಿಹ್ನೆ ತಿರುಗಿದೆಯೇ ಅಂತ ಮೊದಲು ನೋಡಿ.

ಎರಡನೇ ಪಾಪ್ ಯಾಕೆ ಆಗಲಿಲ್ಲ? ಇದಕ್ಕೆ ಎರಡು ಕಾರಣ ಇರಬಹುದು. ಎರಡರ ಪೋಸ್ಟ್‌ಫಿಕ್ಸ್ ಸಾಲೂ ಒಂದೇ, ಉತ್ತರವೂ ಒಂದೇ. ಕಾಗದ ನೋಡಿ ಹೇಳಲಾಗುವುದಿಲ್ಲ.

ಒಂದು, ಒಂದೇ ಸಲ ಹೋಲಿಸಿ ಬಿಟ್ಟಿದ್ದಾರೆ. ಪ್ರೋಗ್ರಾಂ ಆದರೆ `while` ಬದಲು `if` ಬರೆದಿರುತ್ತಾರೆ. ಇನ್ನೊಂದು, ಶಾಲೆಯಲ್ಲಿ ಕಲಿತ ಬಾಡ್‌ಮಾಸ್ ತಲೆಯಲ್ಲಿ ಕೂತಿದೆ. ಅದರಲ್ಲಿ ಕೂಡುವ ಅಕ್ಷರ ಕಳೆಯುವ ಅಕ್ಷರಕ್ಕಿಂತ ಮೊದಲು ಬರುತ್ತದೆ. ಹಾಗಾಗಿ ಕೂಡುವುದೇ ದೊಡ್ಡದು ಅಂದುಕೊಂಡಿರುತ್ತಾರೆ. ನಿಜದಲ್ಲಿ `+` ಮತ್ತು `-` ಸಮ, `*` ಮತ್ತು `/` ಸಮ. ಸಮ ಇದ್ದಾಗ ಎಡದಿಂದ ಬಲಕ್ಕೆ.

ಬೇರ್ಪಡಿಸಲು ಚಿಕ್ಕ ಲೆಕ್ಕ ಕೊಡಿ:

```
90 - 20 + 5
```

ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿಗೆ 47 ಬಂದಿತ್ತು. ಇದನ್ನು ಕೊಟ್ಟೆ.

‘ಸರ್, 65 ಬಂತು’ ಅಂದಳು.

‘ಪ್ಲಸ್ ಬಂದಾಗ ಮೈನಸ್‌ನ ಯಾಕೆ ತೆಗೀಲಿಲ್ಲಮ್ಮ?’

‘ಪ್ಲಸ್ ದೊಡ್ಡದಲ್ವಾ ಸರ್? ಬಾಡ್‌ಮಾಸ್‌ನಲ್ಲಿ ಮೊದ್ಲು ಬರುತ್ತಲ್ಲ.’

ಅಲ್ಲಿಗೆ ಕಾರಣ ಸಿಕ್ಕಿತು. 65 ಬಂದರೆ ಆದ್ಯತೆಯ ಪಟ್ಟಿಯೇ ತಪ್ಪು, ಅದನ್ನು ತಿದ್ದಬೇಕು. 75 ಅಂತ ಸರಿ ಉತ್ತರ ಬಂದರೆ ಪಟ್ಟಿ ಸರಿ ಇದೆ, ಒಂದು ಪಾಪ್ ಆದ ಮೇಲೆ ನಿಂತುಬಿಡುವುದು ತಪ್ಪು. ಈ ಚಿಕ್ಕ ಲೆಕ್ಕದಲ್ಲಿ ಒಂದೇ ಸಲ ಪಾಪ್ ಮಾಡಬೇಕಾಗಿರುವುದರಿಂದ `if` ಬರೆದವರಿಗೂ ಅದು ಸರಿಯಾಗಿಯೇ ಬರುತ್ತದೆ.

ಈ ಕಾರಣಕ್ಕೇ ದೊಡ್ಡ ಲೆಕ್ಕದ ಕೊನೆಯಲ್ಲಿ `+ 5` ಇಟ್ಟಿದ್ದೇನೆ. ಅದನ್ನು ತೆಗೆದರೆ ಸರಿ ಉತ್ತರ 52. ಮೇಲಿನ ಎರಡೂ ತಪ್ಪು ಮಾಡುವವರಿಗೂ 52 ಬಂದುಬಿಡುತ್ತದೆ. ಒಂದು ಆಪರೇಟರ್ ಬಂದು ಎರಡನ್ನು ಹೊರಗೆ ಕಳಿಸುವ ಜಾಗ ಲೆಕ್ಕದಲ್ಲಿ ಎಲ್ಲಾದರೂ ಇರಬೇಕು. ಸ್ಟ್ಯಾಕ್ ಕಾಲಂ `- *` ಇದ್ದದ್ದು ಒಂದೇ ಸಾಲಿನಲ್ಲಿ `+` ಆಗುವ ಜಾಗ ಅದು.

92 ಬಂದರೆ

```
90 20 - 8 4 + - 2 / 3 * 5 +
```

ಇಲ್ಲಿ ಬ್ರಾಕೆಟ್‌ನ 12 ಹೋಗಿ ನೇರವಾಗಿ 70ರಿಂದ ಕಳೆದಿದೆ. 58 ಆಗಿ, ಅದರ ಅರ್ಧ 29 ಆಗಿ, ಮೂರರಷ್ಟು 87 ಆಗಿ, 5 ಸೇರಿ 92. 12 `/` ಗುರುತಿನದಾಗಬೇಕಿತ್ತು, ಎಡಗಡೆಯ `-` ಎತ್ತಿಕೊಂಡು ಹೋಗಿದೆ.

ಇದಕ್ಕೂ ಎರಡು ಕಾರಣ. ಆದರೆ ಇಲ್ಲಿ ಬೇರೆ ಲೆಕ್ಕ ಬೇಡ, ಸ್ಟ್ಯಾಕ್ ಕಾಲಂ ಸಾಕು. `)` ಓದಿದ ಸಾಲಿನ ಮೇಲೆ ಬೆರಳಿಡಿ.

ಅಲ್ಲಿ ಸ್ಟ್ಯಾಕ್ ಖಾಲಿ ಇದ್ದರೆ, `)` ಬಂದಾಗ `(` ಸಿಕ್ಕಲ್ಲಿ ನಿಲ್ಲದೆ ತಳದವರೆಗೆ ಎಲ್ಲ ಖಾಲಿ ಮಾಡಿದ್ದಾರೆ ಅಂತ ಅರ್ಥ. `)` ಖಾಲಿ ಮಾಡಬೇಕಾದ್ದು ತನ್ನ ಜೋಡಿಯವರೆಗೆ ಮಾತ್ರ. ಆ ಜೋಡಿಯನ್ನು ಎಸೆದು ಅಲ್ಲೇ ನಿಲ್ಲಬೇಕು. ಕೆಳಗಿನ `-` ಇನ್ನೂ ಕಾಯುತ್ತಿದೆ, ಯಾಕೆಂದರೆ ಬ್ರಾಕೆಟ್‌ನ ಮುಂದೆ `/` ಬರುತ್ತದೆಯೋ `+` ಬರುತ್ತದೆಯೋ ಅದಕ್ಕೆ ಇನ್ನೂ ಗೊತ್ತಿಲ್ಲ.

`)` ಸಾಲಿನಲ್ಲಿ `-` ಇನ್ನೂ ಇದ್ದು, ಮುಂದಿನ `/` ಸಾಲಿನಲ್ಲಿ ಅದು ಹೊರಗೆ ಹೋಗಿದ್ದರೆ ಕಾರಣ ಬೇರೆ. ಬ್ರಾಕೆಟ್ ಸರಿ ಇದೆ, ಆದ್ಯತೆ ನೋಡಿಯೇ ಇಲ್ಲ. ಯಾವ ಆಪರೇಟರ್ ಬಂದರೂ ತುದಿಯದನ್ನು ತೆಗೆದಿದ್ದಾರೆ. ಬ್ರಾಕೆಟ್‌ನ ಜಾಗದಲ್ಲಿ 12 ಹಾಕಿಕೊಂಡು ಸಾದಾ ಕ್ಯಾಲ್ಕುಲೇಟರ್‌ನಲ್ಲಿ ಗುಂಡಿ ಒತ್ತುತ್ತಾ ಹೋದರೆ ಬರುವ ಉತ್ತರವೂ ಇದೇ.

104 ಅಥವಾ 73 ಬಂದರೆ

ಎರಡೂ `(` ಗುರುತಿನ ತಪ್ಪು.

ಎಡ ಬ್ರಾಕೆಟ್‌ಗೆ ಆದ್ಯತೆ ಎಷ್ಟು ಅಂತ ಕೇಳಿದರೆ ‘ಎಲ್ಲಕ್ಕಿಂತ ಜಾಸ್ತಿ’ ಅಂತ ಉತ್ತರ ಬರುತ್ತದೆ. ಒಳಗೆ ಬರುವಾಗ ಅದು ಸರಿ, ಯಾರನ್ನೂ ಹೊರಗೆ ಕಳಿಸದೆ ಸುಮ್ನೆ ಹೋಗಿ ಕೂರುತ್ತದೆ. ಕೂತ ಮೇಲೆ ಮಾತ್ರ ಅದರ ಆದ್ಯತೆ ಎಲ್ಲಕ್ಕಿಂತ ಕಡಿಮೆ. ಅದರ ಮೇಲೆ ಯಾರು ಬೇಕಾದರೂ ಬಂದು ಕೂರಬಹುದು. ಇದನ್ನು ಮರೆತರೆ ಏನಾಗುತ್ತದೆ? ಏಳನೇ ಸಾಲಿನಲ್ಲಿ `+` ಬಂದಾಗ ತುದಿಯಲ್ಲಿ `(` ದೊಡ್ಡದಾಗಿ ಕಾಣುತ್ತದೆ. ಅದನ್ನು ತೆಗೆದು ಎಸೆಯುತ್ತಾರೆ. ಅದರ ಕೆಳಗಿನ `-` ಸಮ, ಅದೂ ಹೊರಗೆ. ಪೋಸ್ಟ್‌ಫಿಕ್ಸ್ `90 20 - 8 - 4 + 2 / 3 * 5 +` ಆಗುತ್ತದೆ, ಬೆಲೆ 104. ಗೋದಾಮಿಗೆ ಒಟ್ಟು ಬಂದದ್ದೇ 95 ಚೀಲ. 104 ಹೇಗೆ ಉಳಿಯುತ್ತದೆ? ಲೆಕ್ಕಕ್ಕೆ ಒಂದು ಅರ್ಥ ಕೊಟ್ಟುಕೊಂಡರೆ ಇಂಥದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಸುಳಿವೂ ಇದೆ: `)` ಬಂದಾಗ ಅದಕ್ಕೆ ಜೋಡಿ ಸಿಕ್ಕುವುದಿಲ್ಲ. ಕೆಲವರು `(` ಅನ್ನು ಎಸೆಯದೆ ಔಟ್‌ಪುಟ್‌ಗೇ ಬರೆದುಬಿಡುತ್ತಾರೆ. ಪೋಸ್ಟ್‌ಫಿಕ್ಸ್‌ನಲ್ಲಿ ಬ್ರಾಕೆಟ್ ಕಂಡರೆ ಕಾರಣ ಇದೇ.

73 ಬಂದರೆ ಬ್ರಾಕೆಟ್‌ಗಳನ್ನು ಓದಿಯೇ ಇಲ್ಲ. ಪ್ರಶ್ನೆಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವಾಗಲೇ ಬಿಟ್ಟಿರುವುದು ಜಾಸ್ತಿ.

ಪೋಸ್ಟ್‌ಫಿಕ್ಸ್ ಸರಿ ಇದ್ದೂ ಉತ್ತರ ತಪ್ಪಿದ್ದರೆ

75.5 ಬಂದರೆ, ಅಥವಾ ಪೂರ್ಣಾಂಕದ ಭಾಗಾಕಾರ ಇರುವ ಪ್ರೋಗ್ರಾಂನಲ್ಲಿ 75 ಬಂದರೆ, ಎರಡು ಸಂಖ್ಯೆಗಳು ಅದಲುಬದಲಾಗಿವೆ. ಸ್ಟ್ಯಾಕ್‌ನಿಂದ ಮೊದಲು ಹೊರಗೆ ಬರುವುದು ಬಲಗಡೆಯ ಸಂಖ್ಯೆ. ಮೂರನೇ ಹೆಜ್ಜೆಯಲ್ಲಿ ಮೊದಲು 20 ಬರುತ್ತದೆ, ಆಮೇಲೆ 90. ಬಂದ ಕ್ರಮದಲ್ಲೇ ಬರೆದರೆ 20 - 90, ಅಂದರೆ -70. ಮುಂದೆ 12 / 2 ಬದಲು 2 / 12 ಆಗುತ್ತದೆ. ಸರಿ ಕ್ರಮ ಇದು:

```python
b = st.pop()
a = st.pop()
st.append(a - b)
```

ಕಾಗದದಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಸ್ಟ್ಯಾಕನ್ನು ಅಡ್ಡಡ್ಡ ಬರೆಯಿರಿ, ತಳ ಎಡಗಡೆ ಇರಲಿ. ಆಗ `90 20` ಅಂತ ಕಾಣುವ ಎರಡರ ನಡುವೆ ಆಪರೇಟರ್ ಇಟ್ಟು ಓದಿದರೆ ಆಯಿತು. ಸ್ಟ್ಯಾಕನ್ನು ಮೇಲಿನಿಂದ ಕೆಳಗೆ ಬರೆಯುವವರಲ್ಲೇ ಈ ತಪ್ಪು ಜಾಸ್ತಿ ನೋಡಿದ್ದೇನೆ, ಯಾಕೆಂದರೆ ಮೇಲಿಂದ ಓದಿದರೆ 20 ಮೊದಲು ಕಣ್ಣಿಗೆ ಬೀಳುತ್ತದೆ.

5 ಮಾತ್ರ ಬಂದರೆ ಬೆಲೆ ಕಟ್ಟುವ ಸ್ಟ್ಯಾಕ್‌ನಲ್ಲಿ ಕೊನೆಗೆ `52 5` ಎರಡು ಉಳಿದಿವೆ, ತುದಿಯದನ್ನು ಉತ್ತರ ಅಂತ ಬರೆದಿದ್ದಾರೆ. ಬದಲಾಯಿಸುವಾಗ ಕೊನೆಯಲ್ಲಿ ಸ್ಟ್ಯಾಕ್ ಖಾಲಿ ಮಾಡುವುದನ್ನು ಬಿಟ್ಟರೆ ಹೀಗಾಗುತ್ತದೆ. ಕೊನೆಯ `+` ಅಲ್ಲೇ ಉಳಿದುಹೋಗಿದೆ. ಎಣಿಕೆ ಪರೀಕ್ಷೆ ಇದನ್ನು ಹಿಡಿಯುತ್ತದೆ: 7 ಸಂಖ್ಯೆ, 5 ಆಪರೇಟರ್.

-11 ಬಂದರೆ ಕೈಯಲ್ಲಿ ಮಾಡಿದ್ದಲ್ಲ, ಪ್ರೋಗ್ರಾಂ ಮಾಡಿದ್ದು. ಅದು ಒಂದೊಂದೇ ಅಕ್ಷರ ಓದುತ್ತಿದೆ. 90 ಅದಕ್ಕೆ 9 ಮತ್ತು 0, 20 ಅದಕ್ಕೆ 2 ಮತ್ತು 0. 2 - 0 ಅಂದರೆ 2, ಅದರಲ್ಲಿ 18 ಹೋಗಿ -16, 5 ಸೇರಿ -11. ಸ್ಟ್ಯಾಕ್‌ನ ತಳದಲ್ಲಿ 9 ಮತ್ತು 0 ಹಾಗೇ ಬಿದ್ದಿರುತ್ತವೆ. ಪುಸ್ತಕದ ಉದಾಹರಣೆಗಳಲ್ಲಿ ಒಂದಂಕಿಯ ಸಂಖ್ಯೆಗಳೇ ಇದ್ದರೆ ಈ ದೋಷ ಕಾಣುವುದೇ ಇಲ್ಲ. ಪೋಸ್ಟ್‌ಫಿಕ್ಸ್ ಬರೆಯುವಾಗ ಸಂಖ್ಯೆಗಳ ನಡುವೆ ಜಾಗ ಬಿಡಿ, ಓದುವಾಗ ಆ ಜಾಗದಲ್ಲಿ ತುಂಡು ಮಾಡಿ.

ಈ ಲೆಕ್ಕ ಹಿಡಿಯದ ಎರಡು ತಪ್ಪುಗಳು

ಘಾತದ `^` ಇದರಲ್ಲಿ ಇಲ್ಲ. ಅದಕ್ಕೆ ನಿಯಮ ತಿರುಗಾಮುರುಗಾ: ಎರಡು `^` ನಡುವಿನ ಸಂಖ್ಯೆ ಬಲಗಡೆಯವನದು. ಬೇರೆ ಪರೀಕ್ಷೆ ಬೇಕು:

```
2 ^ 3 ^ 2
```

ಸರಿ ಪೋಸ್ಟ್‌ಫಿಕ್ಸ್ `2 3 2 ^ ^`. 3ರ ವರ್ಗ 9, 2ರ ಘಾತ 9 ಅಂದರೆ 512. 64 ಬಂದರೆ ಸಮ ಆದ್ಯತೆಗೆ ಪಾಪ್ ಮಾಡುವ ನಿಯಮವನ್ನು ಇದಕ್ಕೂ ಹಚ್ಚಿದ್ದಾರೆ, `2 3 ^ 2 ^` ಆಗಿದೆ. ಇನ್ನೊಂದು ಗಮನಿಸಿ. ಮೇಲೆ 77 ತಂದವರಿಗೆ ಇಲ್ಲಿ 512 ಸರಿಯಾಗಿಯೇ ಬರುತ್ತದೆ. ಅವರು ಸಮ ಇದ್ದಾಗ ಎಂದೂ ಪಾಪ್ ಮಾಡುವುದಿಲ್ಲವಲ್ಲ. ಹಾಗಾಗಿ ಎರಡೂ ಲೆಕ್ಕ ಸರಿ ಬಂದರೆ ಮಾತ್ರ ಈ ನಿಯಮ ಸರಿಯಾಗಿ ಕೂತಿದೆ ಅನ್ನಬಹುದು.

ಎರಡನೆಯದು, ಸಂಖ್ಯೆಯ ಮುಂದೆ ಒಂಟಿಯಾಗಿ ನಿಲ್ಲುವ ಮೈನಸ್. `-4 + 9` ಅಂತ ಕೊಟ್ಟರೆ ಮೇಲಿನ ವಿಧಾನ `4 - 9 +` ಅಂತ ಬರೆಯುತ್ತದೆ. ಬೆಲೆ ಕಟ್ಟಲು ಹೋದರೆ ಎರಡನೇ ಹೆಜ್ಜೆಯಲ್ಲೇ ನಿಲ್ಲುತ್ತದೆ. ಸ್ಟ್ಯಾಕ್‌ನಲ್ಲಿ ಒಂದೇ ಸಂಖ್ಯೆ ಇದೆ, `-` ಎರಡು ಕೇಳುತ್ತಿದೆ. ಗುರುತಿಸುವ ನಿಯಮ ಸರಳ. ಮೈನಸ್ ಲೆಕ್ಕದ ಮೊದಲಲ್ಲೇ ಇದ್ದರೆ, `(` ಆದ ತಕ್ಷಣ ಬಂದರೆ, ಅಥವಾ ಇನ್ನೊಂದು ಆಪರೇಟರ್ ಆದ ತಕ್ಷಣ ಬಂದರೆ ಅದು ಕಳೆಯುವ ಮೈನಸ್ ಅಲ್ಲ. ಕೈಯಲ್ಲಿ ಟ್ರೇಸ್ ಮಾಡುವಾಗ, ಅದರ ಪಕ್ಕದಲ್ಲೇ ಸಂಖ್ಯೆ ಇದ್ದರೆ ಅದಕ್ಕೇ ಅಂಟಿಸಿ `-4` ಅಂತ ಒಂದೇ ತುಂಡಾಗಿ ಓದಿ. `-(8 + 4)` ಥರದ್ದಾದರೆ ಮುಂದೆ ಒಂದು ಸೊನ್ನೆ ಸೇರಿಸಿ `0 - (8 + 4)` ಅಂತ ಮಾಡಿಕೊಳ್ಳಿ. ಲೆಕ್ಕದ ಮೊದಲಲ್ಲಿ ಅಥವಾ `(` ಆದ ಮೇಲೆ ಈ ಸೊನ್ನೆ ನಡೆಯುತ್ತದೆ. `3 * -(8 + 4)` ಅಂತ ಗುಣಿಸುವುದರ ಪಕ್ಕ ಬಂದರೆ ಬರೀ ಸೊನ್ನೆ ಸಾಲದು, `3 * (0 - (8 + 4))` ಅಂತ ಬ್ರಾಕೆಟ್ ಕೂಡ ಹಾಕಬೇಕು. ಹಾಕದಿದ್ದರೆ ಆ ಸೊನ್ನೆ `*` ಪಾಲಾಗುತ್ತದೆ. -36 ಬರಬೇಕಾದ ಕಡೆ -12 ಬರುತ್ತದೆ.